ಯುಗಾದಿ ಹಿಂದಿನ ಶನಿವಾರವೋ ಮುಂದಿನದೋ? ಸಂಡೂರು ಗುಡ್ಡವೋ ಮುದಗಲ್ ಹೊಲವೋ? ಆಕಾಶಗಂಗೆ ನೋಡೋಕೆ ಸಲಹೆ ಬೇಕು

ಗಂಗಾವತಿ ಸುಮಾ

ಎಲ್ಲರಿಗೂ ನಮಸ್ಕಾರ. ಮಕ್ಕಳಿಬ್ಬರಿಗೆ ಆಕಾಶಗಂಗೆಯನ್ನು ಕಣ್ಣಾರೆ ತೋರಿಸಬೇಕು ಅಂತ ಆಸೆ. ದೊಡ್ಡವಳು ಆರನೇ ಕ್ಲಾಸು, ಚಿಕ್ಕವನು ಎರಡನೇ ಕ್ಲಾಸು. ಟೆಲಿಸ್ಕೋಪ್ ಇಲ್ಲ, ಬರೀ ಕಣ್ಣಲ್ಲಿ ನೋಡೋದು. ಊರಲ್ಲಿ ನಮ್ಮ ಮನೆ ಮೇಲಿಂದ ದೊಡ್ಡ ನಕ್ಷತ್ರಗಳು ಬಿಟ್ಟರೆ ಏನೂ ಕಾಣಲ್ಲ.

2027ರ ಯುಗಾದಿ ಏಪ್ರಿಲ್ 7, ಬುಧವಾರ. ಅಮಾವಾಸ್ಯೆ ರಾತ್ರಿಯೇ ಹೋಗೋಣ ಅಂದರೆ ಯಜಮಾನರಿಗೆ ರಜೆ ಇಲ್ಲ. ಅತ್ತೆಯವರಂತೂ ಅಮಾವಾಸ್ಯೆ ದಿನ ಮಕ್ಕಳನ್ನು ಕರ್ಕೊಂಡು ಹೊಲದಲ್ಲಿ ಮಲಗ್ತೀರಾ ಅಂತ ಬಾಗಿಲಿಗೇ ಅಡ್ಡ ನಿಲ್ಲುತ್ತಾರೆ. ಹಾಗಾಗಿ ಉಳಿದಿರೋದು ಎರಡು ಶನಿವಾರ. ಏಪ್ರಿಲ್ 3 ಇಲ್ಲಾ ಏಪ್ರಿಲ್ 10. ಎರಡೂ ಅಮಾವಾಸ್ಯೆಯಿಂದ ಹೆಚ್ಚುಕಮ್ಮಿ ಅಷ್ಟೇ ದೂರ. ಯಾವುದಾದರೂ ನಡೆಯುತ್ತಾ, ಅಥವಾ ವ್ಯತ್ಯಾಸ ಇದೆಯಾ?

ಜಾಗ ಮೂರು ಯೋಚಿಸಿದ್ದೀವಿ. ಸಂಡೂರಿನ ಗುಡ್ಡ, ಇಲ್ಲೇ ಹತ್ತಿರದ ಸಾಣಾಪುರದ ಬಂಡೆಗಳು, ಇಲ್ಲವೇ ಮುದಗಲ್‌ನಿಂದ ತೆಂಕಣಕ್ಕೆ ಇರುವ ನಮ್ಮ ಅಣ್ಣನ ಹೊಲ. ಹೊಲದಲ್ಲಿ ಒಂದು ಮಾಳಿಗೆ ಮನೆ ಇದೆ, ಕರೆಂಟ್ ದೀಪ ನಮ್ಮ ಕೈಯಲ್ಲೇ. ಬಟ್ಟೆ ಏನು ತಗೊಂಡು ಹೋಗಬೇಕು ಅನ್ನೋದನ್ನೂ ಹೇಳಿ. ಏಪ್ರಿಲ್ ಅಂದ್ರೆ ಬಿಸಿಲು, ಸ್ವೆಟರ್ ಬೇಕಾಗಲ್ಲ ಅಂತ ನನ್ನ ಅಂದಾಜು.

ಸಂಡೂರು ಬೈಕರ್

ಅಕ್ಕಾ, ಯೋಚನೆನೇ ಬೇಡ, ಸಂಡೂರು. ಎತ್ತರ ಹೆಚ್ಚಿದಷ್ಟೂ ಆಕಾಶ ಸ್ವಚ್ಛ. ನಮ್ಮ ಗುಡ್ಡಗಳು ಸಾವಿರ ಮೀಟರ್ ಆಸುಪಾಸು. ನಿಮ್ಮ ಮುದಗಲ್ ಅದರ ಅರ್ಧ. ಲಡಾಖಿನ ಹಾನ್ಲೆಯಲ್ಲಿ ದೂರದರ್ಶಕ ಯಾಕೆ 4500 ಮೀಟರ್ ಮೇಲೆ ಇಟ್ಟಿದ್ದಾರೆ ಹೇಳಿ? ಮತ್ತೆ, ಅಮಾವಾಸ್ಯೆ ಬಿಟ್ಟು ಬೇರೆ ದಿನ ಹೋದರೆ ಪೆಟ್ರೋಲ್ ದಂಡ.

ಬೆಳದಿಂಗಳ ಬುತ್ತಿ

ನಾವು ಪ್ರತಿ ವರ್ಷ ಚೈತ್ರದ ಹುಣ್ಣಿಮೆಗೆ ಆನೆಗುಂದಿ ಕಡೆ ಹೋಗ್ತೀವಿ. ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ ಕಟ್ಕೊಂಡು. ಬೆಳದಿಂಗಳಲ್ಲಿ ಹೊಳೆ ದಂಡೆ ನೋಡೋಕೆ ಎರಡು ಕಣ್ಣು ಸಾಲದು. ಮಕ್ಕಳಿಗೆ ಟಾರ್ಚ್ ಕೂಡ ಬೇಡ. ನೀವೂ ಹುಣ್ಣಿಮೆಗೇ ಇಟ್ಟುಕೊಳ್ಳಿ ಸುಮಾ ಅವರೇ.

ಗಂಗಾವತಿ ಸುಮಾ

@ಬೆಳದಿಂಗಳ ಬುತ್ತಿ ಬುತ್ತಿ ಕೇಳಿ ಬಾಯಲ್ಲಿ ನೀರು ಬಂತು ರೀ. ಆದರೆ ನಮಗೆ ಬೇಕಿರೋದು ಚಂದ್ರ ಇಲ್ಲದ ಆಕಾಶ. ಹುಣ್ಣಿಮೆಗೆ ಆಕಾಶಗಂಗೆ ಎಲ್ಲಿ ಕಾಣುತ್ತೆ?

ಲಿಂಗಸುಗೂರು ಮೇಷ್ಟ್ರು

ಸುಮಾ ಅವರೇ, ಎರಡು ಶನಿವಾರಕ್ಕೂ ವ್ಯತ್ಯಾಸ ಇದೆ. ನಾನಾದರೆ ಕಣ್ಣು ಮುಚ್ಚಿ 10ನೇ ತಾರೀಖು ಅನ್ನುತ್ತೇನೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಲ್ಲರೂ ಮೊದಲು ಅಮಾವಾಸ್ಯೆ ಹುಡುಕುತ್ತಾರೆ. ನಾನು ಮೊದಲು ಕೇಳೋದು, ನೀವು ನೋಡಬೇಕಾದದ್ದು ಎಷ್ಟು ಗಂಟೆಗೆ ಮೇಲೆ ಬರುತ್ತೆ ಅಂತ. ಆಕಾಶಗಂಗೆಯ ದಪ್ಪ, ಹೊಳೆಯುವ ಭಾಗ ಇರೋದು ವೃಶ್ಚಿಕದ ಬಾಲ ಮತ್ತು ಧನು ರಾಶಿಯ ನಡುವೆ, ಮೂಲಾ ನಕ್ಷತ್ರದ ಹತ್ತಿರ. ಏಪ್ರಿಲ್ 10ಕ್ಕೆ ನಮ್ಮ ಕಡೆ ಅದು ರಾತ್ರಿ ಸುಮಾರು 11.25ಕ್ಕೆ ಆಗ್ನೇಯದಲ್ಲಿ ಹುಟ್ಟುತ್ತೆ. ಹುಟ್ಟಿದ ಕೂಡಲೇ ಏನೂ ಕಾಣಲ್ಲ, ನೆಲದ ಮೇಲಿನ ಧೂಳು ನುಂಗಿಬಿಡುತ್ತೆ. ಒಂದೂವರೆ ಗಂಟೆಗೆ ಎರಡು ಮುಷ್ಟಿಗಿಂತ ಸ್ವಲ್ಪ ಮೇಲೆ ಬಂದಿರುತ್ತೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಮೂರು ಗಂಟೆಗೆ ಹತ್ತಿರಹತ್ತಿರ ನಾಲ್ಕು ಮುಷ್ಟಿ. ಐದಕ್ಕೆ ಹತ್ತು-ಹನ್ನೆರಡು ನಿಮಿಷ ಇರುವಾಗ ನೇರ ದಕ್ಷಿಣಕ್ಕೆ ಬಂದು 45 ಡಿಗ್ರಿ ಮುಟ್ಟುತ್ತೆ. ಅದಕ್ಕಿಂತ ಮೇಲೆ ನಮ್ಮ ಜಿಲ್ಲೆಗಳಲ್ಲಿ ಅದು ಹೋಗೋದೇ ಇಲ್ಲ. ಐದು ದಾಟಿದ ಮೇಲೆ ಪೂರ್ವದಲ್ಲಿ ಬೆಳಕು ಶುರು. ಅಂದರೆ ನಿಮ್ಮ ಕೆಲಸದ ಹೊತ್ತು ಒಂದೂವರೆಯಿಂದ ಐದರವರೆಗೆ. ಆ ಹೊತ್ತಿಗೆ ಚಂದ್ರ ಇರಬಾರದು, ಅಷ್ಟೇ ಷರತ್ತು.

ಈಗ ಚಂದ್ರನ ಲೆಕ್ಕ. ಇದಕ್ಕೆ ಆ್ಯಪ್ ಬೇಡ, ಗೋಡೆಯ ಕ್ಯಾಲೆಂಡರ್ ಸಾಕು. ಶುಕ್ಲ ಪಕ್ಷದಲ್ಲಿ ತಿಥಿಯನ್ನು ಮುಕ್ಕಾಲು ಗಂಟೆಯಿಂದ ಗುಣಿಸಿ. ಸೂರ್ಯ ಮುಳುಗಿದ ಮೇಲೆ ಅಷ್ಟು ಹೊತ್ತು ಚಂದ್ರ ಇರುತ್ತಾನೆ. 10ನೇ ತಾರೀಖು ಚೌತಿ. ನಾಲ್ಕು ಮುಕ್ಕಾಲು ಅಂದರೆ ಮೂರು ಗಂಟೆ. ಸೂರ್ಯ ಮುಳುಗೋದು ಆರೂವರೆ ದಾಟಿದ ಮೇಲೆ. ಹಾಗಾದರೆ ಚಂದ್ರ ಮುಳುಗೋದು ಒಂಬತ್ತೂವರೆ-ಹತ್ತರ ನಡುವೆ. ಆಕಾಶಗಂಗೆ ಹುಟ್ಟೋಕೆ ಮುಂಚೆಯೇ ಅವನ ಕೆಲಸ ಮುಗಿದಿರುತ್ತೆ. ಮೇಲಾಗಿ ಹೊಲಕ್ಕೆ ಹೋಗಿ ಸಾಮಾನು ಇಳಿಸೋಕೆ, ಊಟ ಮಾಡೋಕೆ ಗೆರೆಯಂಥ ಚಂದ್ರನ ಬೆಳಕು ಪುಕ್ಕಟೆ ಸಿಗುತ್ತೆ.

ಬಹುಳದಲ್ಲಿ ಅದೇ ಲೆಕ್ಕ, ಆದರೆ ಮುಳುಗೋದರ ಬದಲು ಹುಟ್ಟೋದಕ್ಕೆ. 3ನೇ ತಾರೀಖಿನ ರಾತ್ರಿ ದ್ವಾದಶಿ. ಹನ್ನೆರಡು ಮುಕ್ಕಾಲು ಒಂಬತ್ತು ಗಂಟೆ. ಅಂದರೆ ಮೂರೂವರೆ-ನಾಲ್ಕರ ನಡುವೆ ಪೂರ್ವದಲ್ಲಿ ಚಂದ್ರ ಹಾಜರ್. ಆಕಾಶಗಂಗೆ ಎತ್ತರಕ್ಕೆ ಬಂದು ಒಳ್ಳೆ ರಂಗೇರಿದ ಹೊತ್ತಿಗೆ ಸರಿಯಾಗಿ ಅವನೂ ಬರುತ್ತಾನೆ. ತೆಳು ಚಂದ್ರನೇ, ಪೂರ್ತಿ ಕೆಡಿಸಲ್ಲ. ಆದರೆ ಮಕ್ಕಳನ್ನು ನಿದ್ದೆಗೆಡಿಸಿ ಕರ್ಕೊಂಡು ಹೋಗಿ ಅರ್ಧಂಬರ್ಧ ಯಾಕೆ ನೋಡಬೇಕು?

ಈ ಮುಕ್ಕಾಲು ಗಂಟೆ ಲೆಕ್ಕದಲ್ಲಿ ಅರ್ಧ ಗಂಟೆ ಆಚೆ-ಈಚೆ ಆಗುತ್ತೆ. ತಿಥಿ ದೊಡ್ಡದಾದಷ್ಟೂ ತಪ್ಪು ಜಾಸ್ತಿ. ಅಷ್ಟಮಿ, ನವಮಿ ಕಡೆ ಹೋಗೋದಾದರೆ ಚಂದ್ರಾಸ್ತದ ಸಮಯವನ್ನು ಪಂಚಾಂಗದಲ್ಲಿ ನೋಡಿಕೊಳ್ಳೋದು ಒಳ್ಳೆಯದು.

ಗಂಗಾವತಿ ಸುಮಾ

ಮೇಷ್ಟ್ರೇ, ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ. ಚೌತಿ ಅಂದರೆ ಅತ್ತೆಯವರ ತಕರಾರೂ ಇಲ್ಲ! ಆದರೆ ಮಕ್ಕಳು ಒಂದೂವರೆವರೆಗೆ ಎದ್ದಿರ್ತಾರಾ?

ಕುಷ್ಟಗಿ ಅಕ್ಕ

ಎದ್ದಿರೋದು ಯಾಕೆ ತಂಗಿ? ಒಂಬತ್ತಕ್ಕೆ ಮಾಳಿಗೆ ಮೇಲೆ ಮಲಗಿಸಿ, ಎರಡಕ್ಕೆ ಎಬ್ಬಿಸಿ. ಬೇಸಿಗೆಯಲ್ಲಿ ನಾವೆಲ್ಲ ಮಾಳಿಗೆ ಮೇಲೇ ಮಲಗೋರು. ಮಲಗಿದಲ್ಲೇ ಕಣ್ಣು ಬಿಟ್ಟರೆ ಮೇಲೇ ಇರುತ್ತೆ. ಎಬ್ಬಿಸಿ ನಡೆಸಿಕೊಂಡು ಹೋಗೋ ಜಾಗ ಆದರೆ ಮಕ್ಕಳು ಹಟ ಮಾಡ್ತಾರೆ. ಅಂಚಿನ ಕಟ್ಟೆ ಗಿಡ್ಡ ಇದ್ದರೆ ಮಾತ್ರ ಹುಷಾರು, ನಡುವೆ ಮಲಗಿಸಿ. ನಿದ್ದೆಗಣ್ಣಲ್ಲಿ ಎದ್ದು ಹೊರಟುಬಿಡ್ತಾವೆ.

ಸಂಡೂರು ಬೈಕರ್

ದಿನದ ವಿಷಯ ಮೇಷ್ಟ್ರು ಹೇಳಿದ್ದು ಸರಿ ಇರಬಹುದು. ಆದರೆ ಎತ್ತರದ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ.

ಲಿಂಗಸುಗೂರು ಮೇಷ್ಟ್ರು

@ಸಂಡೂರು ಬೈಕರ್ ಎತ್ತರದಿಂದ ಲಾಭ ಇದೆ, ಇಲ್ಲ ಅನ್ನಲ್ಲ. ಮೇಲೆ ಹೋದಷ್ಟೂ ಧೂಳಿನ, ತೇವದ ಪದರ ಕೆಳಗೆ ಉಳಿಯುತ್ತೆ. ಆದರೆ ಹಾನ್ಲೆಗೂ ಸಂಡೂರಿಗೂ ಹೋಲಿಕೆ ಬೇಡ. ಅಲ್ಲಿ ಕಣಿವೆಯ ಗಾಳಿಯೇ ತೆಳು, ಒಣ, ಸುತ್ತ ಊರಿಲ್ಲ. ಇಲ್ಲಿ ಐನೂರು ಮೀಟರ್ ಹತ್ತಿದರೆ ಏಪ್ರಿಲ್‌ನ ಧೂಳು ಅಲ್ಲಿಗೂ ಬಂದಿರುತ್ತೆ, ಅದು ಅದಕ್ಕಿಂತ ಎಷ್ಟೋ ಮೇಲಕ್ಕೆ ಏಳುತ್ತೆ. ತಮಿಳುನಾಡಿನ ಕಾವಲೂರು ವೀಕ್ಷಣಾಲಯ ನೋಡಿ. 2.34 ಮೀಟರ್ ವ್ಯಾಸದ ದೂರದರ್ಶಕ ಇರುವ ಜಾಗ. ಅದರ ಎತ್ತರ 725 ಮೀಟರ್ ಅಷ್ಟೇ, ನಿಮ್ಮ ಗುಡ್ಡಕ್ಕಿಂತ ಕಮ್ಮಿ. ಅಲ್ಲಿ ಕೆಲಸ ಮಾಡಿದ್ದು ಎತ್ತರಕ್ಕಿಂತ ಹೆಚ್ಚಾಗಿ ಸುತ್ತಲಿನ ಕಾಡಿನ ಕತ್ತಲು.

ಸಂಡೂರಿನ ತೊಂದರೆ ಬೇರೆ. ಹತ್ತಿರದಲ್ಲೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸುತ್ತ ಗಣಿಗಳು. ಗುಡ್ಡದ ತುದಿಗೆ ಹತ್ತಿದರೆ ಆ ದೀಪಗಳೆಲ್ಲ ಕಣ್ಣಿಗೆ ನೇರ. ಕೆಳಗಿನ ಕಣಿವೆಯಲ್ಲಿ ಕೂತರೆ ಗುಡ್ಡವೇ ದೀಪಕ್ಕೆ ಅಡ್ಡ ಬರುತ್ತೆ, ಆದರೆ ಅದೇ ಗುಡ್ಡ ದಕ್ಷಿಣದ ಆಕಾಶವನ್ನೂ ಮುಚ್ಚುತ್ತೆ.

ನನಗೆ ಎತ್ತರಕ್ಕಿಂತ ದಿಕ್ಕು ಮುಖ್ಯ. ನೀವು ನೋಡೋದು ಆಗ್ನೇಯ ಮತ್ತು ದಕ್ಷಿಣ. ಹಾಗಾಗಿ ಹತ್ತಿರದ ಊರು ನಿಮ್ಮ ಬೆನ್ನ ಹಿಂದೆ, ಅಂದರೆ ಉತ್ತರಕ್ಕೆ ಇರಬೇಕು. ಮುದಗಲ್‌ನಿಂದ ತೆಂಕಣಕ್ಕೆ ಹೊಲ ಅಂದರೆ ಮುದಗಲ್ಲೂ ಹಿಂದೆ, ಲಿಂಗಸುಗೂರೂ ಹಿಂದೆ. ಮುಂದೆ ತಾವರಗೇರಾ, ಅದರಾಚೆ ಕನಕಗಿರಿ. ಗಂಗಾವತಿ, ಹೊಸಪೇಟೆ ಇನ್ನೂ ಆಚೆ. ಅದೇ ಹೊಲ ಮುದಗಲ್‌ನ ಬಡಗಣಕ್ಕೆ ಇದ್ದಿದ್ದರೆ ನಾನು ಬೇಡ ಅನ್ನುತ್ತಿದ್ದೆ.

ಸಂಡೂರು ಬೈಕರ್

ಮಳೆಗಾಲ ಮುಗಿದ ಮೇಲೆ ಒಮ್ಮೆ ನಮ್ಮ ಗುಡ್ಡಕ್ಕೆ ಬನ್ನಿ ಮೇಷ್ಟ್ರೇ. ಕೆಳಗೆ ಮಂಜು ತುಂಬಿ, ದೀಪಗಳೆಲ್ಲ ಅದರ ಅಡಿಗೆ ಹೋಗಿ, ಮೇಲೆ ಆಕಾಶ ಹೊಳೆಯುತ್ತೆ. ಅದನ್ನು ನಿಮ್ಮ ಹೊಲ ಕೊಡಲ್ಲ.

ಲಿಂಗಸುಗೂರು ಮೇಷ್ಟ್ರು

ಆ ಮಾತು ಒಪ್ಪಿದೆ. ಮಂಜು ಕೆಳಗೆ ನಿಂತ ರಾತ್ರಿ ಗುಡ್ಡಕ್ಕೆ ಸಾಟಿ ಇಲ್ಲ. ಏಪ್ರಿಲ್‌ನಲ್ಲಿ ಆ ಮಂಜು ಎಲ್ಲಿಂದ ತರ್ತೀರಿ?

ಸಿರುಗುಪ್ಪ ಶರಣು

ಸಾಣಾಪುರ ಬೇಡ ಅಂತ ನಾನೂ ಹೇಳ್ತೀನಿ. ಒಂದು, ಅಲ್ಲಿ ಚಿರತೆ, ಕರಡಿ ಕಾಟ. ರಾತ್ರಿ ಬಂಡೆ ಮೇಲೆ ಮಕ್ಕಳನ್ನು ಮಲಗಿಸೋ ಜಾಗ ಅಲ್ಲ. ಎರಡು, ಅದು ನೀರಾವರಿ ಸೀಮೆ. ಬೇಸಿಗೆ ಭತ್ತ ಹಾಕಿದ್ದರೆ ಗದ್ದೆಯಲ್ಲಿ ನೀರು ನಿಂತಿರುತ್ತೆ. ಸೊಳ್ಳೆ ಎತ್ತಿಕೊಂಡು ಹೋಗ್ತವೆ. ಬೆಳಗಿನ ಜಾವ ತೇವ ಬೇರೆ, ಆಕಾಶ ಹಾಲು ಹಾಲಾಗಿ ಕಾಣುತ್ತೆ.

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಕೊಯ್ಲು ಶುರುವಾದರೆ ಹಾರ್ವೆಸ್ಟರ್ ರಾತ್ರಿಯೆಲ್ಲ ಓಡುತ್ತೆ. ಅದರ ನೆತ್ತಿ ಮೇಲಿನ ದೀಪಗಳು ಮೈಲಿ ದೂರಕ್ಕೂ ಕಣ್ಣಿಗೆ ಹೊಡೀತವೆ. ಆಮೇಲೆ ಹುಲ್ಲಿಗೆ ಬೆಂಕಿ ಇಡ್ತಾರೆ, ಹೊಗೆ ನೆಲಕ್ಕೇ ಅಂಟಿಕೊಂಡು ಬೆಳಗಿನವರೆಗೂ ಹೋಗಲ್ಲ. ಮುದಗಲ್ ಕಡೆ ಒಣ ಬೇಸಾಯ. ಜೋಳ, ಕಡಲೆ, ತೊಗರಿ ಎಲ್ಲ ಮುಗಿದು ಹೊಲ ಬರಿದಾಗಿರುತ್ತೆ. ಅಲ್ಲಿಗೇ ಹೋಗಿ.

ಕ್ಯಾಮೆರಾ ಕಲ್ಲೇಶಿ

ನನ್ನದೂ ಒಂದು ಪ್ರಶ್ನೆ ಇದರಲ್ಲೇ ಹಾಕ್ತೀನಿ. ಹೊಸ ಕ್ಯಾಮೆರಾ ತಗೊಂಡೆ. ಡಿಸೆಂಬರ್ ಅಮಾವಾಸ್ಯೆಗೆ ಯಲಬುರ್ಗಾ ಹತ್ತಿರ ಹೋಗಿದ್ದೆ. ಕಗ್ಗತ್ತಲು, ಒಂದು ಮೋಡ ಇಲ್ಲ, ಚಳಿಗೆ ಆಕಾಶ ತೊಳೆದಿಟ್ಟ ಹಾಗೆ ಇತ್ತು. ಆದರೂ ಇಂಟರ್‌ನೆಟ್ಟಿನಲ್ಲಿ ತೋರಿಸೋ ಆ ದಪ್ಪ ಆಕಾಶಗಂಗೆ ಬರಲೇ ಇಲ್ಲ. ಲೆನ್ಸ್ ಬದಲಿಸಬೇಕಾ? ಗಾಳಿಯಂತ್ರಗಳ ಮೇಲಿನ ಕೆಂಪು ದೀಪಗಳು ಮಿಣುಕ್ ಮಿಣುಕ್ ಅಂತ ಎಲ್ಲ ಫೋಟೋದಲ್ಲೂ ಬಂದಿವೆ, ಅದು ಬೇರೆ.

ಲಿಂಗಸುಗೂರು ಮೇಷ್ಟ್ರು

@ಕ್ಯಾಮೆರಾ ಕಲ್ಲೇಶಿ ಲೆನ್ಸಿಗೆ ದುಡ್ಡು ಹಾಕಬೇಡಿ. ಡಿಸೆಂಬರ್‌ನಲ್ಲಿ ಸೂರ್ಯನೇ ಧನು ರಾಶಿಯ ಕಡೆ ಇರುತ್ತಾನೆ. ಧನುರ್ಮಾಸ ಅಂತೀವಲ್ಲ, ಅದೇ. ಹಾಗಾಗಿ ಆ ದಪ್ಪ ಭಾಗ ಹಗಲು ಹೊತ್ತು ಮೇಲಿದ್ದು ಸೂರ್ಯನ ಜೊತೆಗೇ ಮುಳುಗುತ್ತೆ. ರಾತ್ರಿ ಕಾಣೋದು ಮೃಗಶಿರದ ಪಕ್ಕ ಹಾದುಹೋಗುವ ತೆಳು ಭಾಗ. ಅದಕ್ಕೆ ಫೆಬ್ರವರಿ ಕೊನೆಯಿಂದ ಬೆಳಗಿನ ಜಾವ, ಮೇ ತಿಂಗಳಲ್ಲಿ ನಡುರಾತ್ರಿಗೇ, ಅಕ್ಟೋಬರ್‌ನಲ್ಲಿ ಸಂಜೆ ಕತ್ತಲಾದ ಕೂಡಲೇ ನೋಡಬೇಕು. ನಡುವಿನ ಜೂನ್‌ನಿಂದ ಸೆಪ್ಟೆಂಬರ್ ನಮಗೆ ಮೋಡದ ಪಾಲು.

ಬಳ್ಳಾರಿ ಬಸು

ನಾನು ಚಳಿಗಾಲದ ಪಕ್ಷ. ಆಕಾಶಗಂಗೆ ಒಂದೇನಾ ಆಕಾಶ? ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲೋಕೆ ಎಲ್ಲರೂ ಹೋಗೇ ಹೋಗ್ತೀವಿ. ಊಟ ಮುಗಿಸಿ ಸಂಜೆಗೆ ಮನೆಗೆ ಓಡೋ ಬದಲು ಅಲ್ಲೇ ರಾತ್ರಿ ಎಂಟರವರೆಗೆ ಇದ್ದರೆ ಸಾಕು. ಕೃತ್ತಿಕೆ ನೆತ್ತಿ ಮೇಲೆ, ಮೃಗಶಿರ ಪೂರ್ವದಲ್ಲಿ, ಸ್ವಲ್ಪ ಹೊತ್ತಿಗೆ ದಕ್ಷಿಣದಲ್ಲಿ ಅಗಸ್ತ್ಯ. ಧೂಳಿಲ್ಲ, ನಿದ್ದೆಗೆಡೋದಿಲ್ಲ, ಗುಡುಗು ಸಿಡಿಲಿನ ಭಯ ಇಲ್ಲ. ಮಕ್ಕಳಿಗೆ ಇದೇ ಮೇಲು. ಏಪ್ರಿಲ್‌ನಲ್ಲಿ ಹಗಲೆಲ್ಲ ಎದ್ದ ಧೂಳು ಆಕಾಶಕ್ಕೆ ಗೋಣಿಚೀಲ ಹೊದಿಸಿದ ಹಾಗೆ ಇರುತ್ತೆ.

ಗಂಗಾವತಿ ಸುಮಾ

ಎಳ್ಳ ಅಮಾವಾಸ್ಯೆ ಐಡಿಯಾ ಚೆನ್ನಾಗಿದೆ ಬಸು ಅಣ್ಣ, ಆ ದಿನ ಅತ್ತೆಯವರೇ ಮುಂದೆ ನಿಂತು ಹೊಲಕ್ಕೆ ಹೊರಡಿಸ್ತಾರೆ. ಆದರೆ ಮಗಳಿಗೆ ಬೇಕಿರೋದು ಆಕಾಶಗಂಗೆಯೇ. ಏಪ್ರಿಲ್ ಧೂಳು ಅಷ್ಟು ಕೆಟ್ಟದಾ? ಹೋಗೋಕೆ ಮುಂಚೆ ಗೊತ್ತಾಗೋ ದಾರಿ ಇದೆಯಾ?

ಲಿಂಗಸುಗೂರು ಮೇಷ್ಟ್ರು

ಇದೆ. ಅದೇ ದಿನ ಸಂಜೆ ಸೂರ್ಯ ಮುಳುಗೋದನ್ನು ನೋಡಿ. ದಿಗಂತದವರೆಗೂ ಕಣ್ಣಿಗೆ ಚುಚ್ಚುವ ಹಾಗೆ ಇದ್ದರೆ ಗಾಳಿ ಚೆನ್ನಾಗಿದೆ. ನೆಲ ಮುಟ್ಟೋಕೆ ಮುಂಚೆಯೇ ಕೆಂಪಗೆ, ಮಂಕಾಗಿ, ಬರಿಗಣ್ಣಲ್ಲಿ ನೋಡೋ ಹಾಗಾಗಿ ಗಾಳಿಯಲ್ಲೇ ಕರಗಿಹೋದರೆ ಧೂಳು ಜಾಸ್ತಿ. ಅಂಥ ದಿನ ಕೆಳಗಿನ ಒಂದೂವರೆ ಮುಷ್ಟಿ ಆಕಾಶ ಹೋಯಿತು ಅಂದುಕೊಳ್ಳಿ. ಆದರೂ ಬಿಟ್ಟುಬಿಡಬೇಕಿಲ್ಲ. ನಡುರಾತ್ರಿ ದಾಟಿದರೆ ಗಾಳಿ ನಿಂತು ಧೂಳು ಸ್ವಲ್ಪ ಇಳಿಯುತ್ತೆ, ನಿಮ್ಮ ಆಕಾಶಗಂಗೆಯೂ ಅಷ್ಟರಲ್ಲಿ ಮೇಲೆ ಬಂದಿರುತ್ತೆ. ಹಿಂದಿನ ದಿನ ಒಂದು ಅಡ್ಡಮಳೆ ಬಿದ್ದಿದ್ದರೆ ಅದೃಷ್ಟ. ಬೇಸಿಗೆಯ ಅತಿ ಸ್ವಚ್ಛ ಆಕಾಶ ಸಿಗೋದು ಅಂಥ ಮರುದಿನವೇ.

ಚಂದ್ರ ಮುಳುಗಿದ ಮೇಲೆ, ಹತ್ತು ಗಂಟೆಗೆ, ಇನ್ನೊಂದು ಪರೀಕ್ಷೆ ಮಾಡಿ. ಪುಷ್ಯ ನಕ್ಷತ್ರದ ಪಕ್ಕ ಪಶ್ಚಿಮದ ಕಡೆ ಎತ್ತರದಲ್ಲಿ ಒಂದು ನಕ್ಷತ್ರಗುಚ್ಛ ಇದೆ. ಕತ್ತಲು ಸರಿಯಾಗಿದ್ದರೆ ಬರಿಗಣ್ಣಿಗೆ ಮಸುಕಾದ ಉಂಡೆಯ ಹಾಗೆ ಕಾಣುತ್ತೆ. ಕಂಡರೆ ಆಕಾಶಗಂಗೆ ಕಾಣೋದು ಗ್ಯಾರಂಟಿ. ಅದು ಕಾಣದಿದ್ದರೆ ದೀಪವೋ ಧೂಳೋ ಯಾವುದೋ ಒಂದು ಅಡ್ಡ ಬಂದಿದೆ ಅಂತ ಅರ್ಥ.

ಹನ್ನೊಂದೂವರೆ ದಾಟಿದ ಮೇಲೆ ನೇರ ದಕ್ಷಿಣಕ್ಕೆ ನೋಡಿ. ತ್ರಿಶಂಕು ಶಿಲುಬೆಯಂತೆ ನೆಟ್ಟಗೆ ನಿಂತಿರುತ್ತೆ. ಅದರ ಬುಡದ ನಕ್ಷತ್ರ ನೆಲದಿಂದ ಬರೀ 11 ಡಿಗ್ರಿ, ಒಂದು ಮುಷ್ಟಿಗಿಂತ ಕೊಂಚ ಮೇಲೆ. ಅದು ಸ್ಪಷ್ಟವಾಗಿ ಕಂಡರೆ ದಕ್ಷಿಣದಲ್ಲಿ ಧೂಳೂ ಕಮ್ಮಿ, ಊರ ಬೆಳಕೂ ಕಮ್ಮಿ. ಬೆಂಗಳೂರು ದಾಟಿ ತೆಂಕಣಕ್ಕೆ ಹೋದರೆ ಅದು ಇನ್ನೂ ಮೇಲೆ ಸಿಗುತ್ತೆ, ದೆಹಲಿಯವರಿಗೆ ಆ ಬುಡದ ನಕ್ಷತ್ರ ಹುಟ್ಟೋದೇ ಇಲ್ಲ. ನಮ್ಮದು ನಡುವಿನ ಪಾಲು.

ಬಳ್ಳಾರಿ ಬಸು

ಮೋಡ ಬಂದರೆ ಒಂದು ಲಾಭ ಇದೆ ನೋಡಿ, ಜಾಗ ಎಷ್ಟು ಕತ್ತಲು ಅಂತ ಗೊತ್ತಾಗುತ್ತೆ. ಬಳ್ಳಾರಿಯಲ್ಲಿ ರಾತ್ರಿ ಮೋಡ ಕೇಸರಿ ಬಣ್ಣಕ್ಕೆ ಹೊಳೆಯುತ್ತೆ. ಒಳ್ಳೆ ಕತ್ತಲಿರೋ ಹೊಲದಲ್ಲಿ ಮೋಡ ಕಪ್ಪಗೆ, ನಕ್ಷತ್ರ ಇಲ್ಲದ ತೂತಿನ ಹಾಗೆ ಕಾಣುತ್ತೆ.

ಗಂಗಾವತಿ ಸುಮಾ

ಎಲ್ಲ ಬರ್ಕೊಂಡೆ. ಬಟ್ಟೆ ವಿಷಯ ಯಾರೂ ಹೇಳಲಿಲ್ಲ!

ಸಂಡೂರು ಬೈಕರ್

ಏಪ್ರಿಲ್‌ನಲ್ಲಿ ಬನಿಯನ್ ಸಾಕು ಅಕ್ಕಾ. ಚಳಿಗಾಲಕ್ಕೆ ಹೋದರೆ ಎರಡು ಜೊತೆ ಸಾಕ್ಸ್ ಹಾಕಿ ಬಿಗಿಯಾಗಿ ಶೂ ಕಟ್ಕೊಳ್ಳಿ. ಚಳಿ ಅನ್ನಿಸಿದರೆ ಒಂದು ಬೆಂಕಿ ಹಾಕಿದರಾಯ್ತು.

ಕುಷ್ಟಗಿ ಅಕ್ಕ

ಅಯ್ಯೋ ತಮ್ಮಾ, ಬೈಕಿನ ಮೇಲೆ ಹೋಗೋರ ಲೆಕ್ಕ ಬೇರೆ, ಅಲುಗಾಡದೆ ಮಲಗೋರ ಲೆಕ್ಕ ಬೇರೆ.

ಸುಮಾ, ಹಗಲು ನಲವತ್ತು ಡಿಗ್ರಿ ಇದ್ದರೂ ಬೆಳಗಿನ ಜಾವ ಇಪ್ಪತ್ತೈದರ ಆಸುಪಾಸಿಗೆ ಇಳಿಯುತ್ತೆ. ಇಪ್ಪತ್ತೈದು ಅಂದರೆ ಚಳಿ ಅಲ್ಲ. ಆದರೆ ಹಗಲೆಲ್ಲ ಕಾದ ಮೈಗೆ, ಎರಡು ಗಂಟೆ ಅಲುಗಾಡದೆ ಬಯಲಿಗೆ ಮುಖ ಮಾಡಿ ಮಲಗಿದಾಗ, ಮೇಲೆ ಗಾಳಿ ಬೀಸಿದರೆ ಮೈ ಜುಮ್ ಅನ್ನುತ್ತೆ. ಮಕ್ಕಳು ನಿದ್ದೆಯಿಂದ ಎದ್ದಾಗ ಇನ್ನೂ ಜಾಸ್ತಿ. ಅದಕ್ಕೆ ಸ್ವೆಟರ್ ಬೇಡ. ತುಂಬು ತೋಳಿನ ಹತ್ತಿ ಅಂಗಿ, ಕಾಲು ಮುಚ್ಚೋ ಪೈಜಾಮ, ತಲೆಗೆ ಒಂದು ಟವೆಲ್ಲು, ಹೊದೆಯೋಕೆ ತೆಳು ಕೌದಿ. ತುಂಬು ತೋಳು ಸೊಳ್ಳೆಗೂ ಆಯ್ತು. ಸಂಜೆ ಬೆವರಿದ ಬಟ್ಟೆಯಲ್ಲೇ ಮಲಗಿಸಬೇಡಿ, ಬದಲಿಸಿ ಮಲಗಿಸಿ. ಬೆವರು ಆರುವಾಗಲೇ ಮೈ ತಣ್ಣಗಾಗೋದು.

ಮಾಳಿಗೆ ಸಂಜೆಗೆ ಕಾದಿರುತ್ತೆ. ಹತ್ತಿರದ ಬಾವಿಯಿಂದ ಎರಡು ಕೊಡ ನೀರು ಚೆಲ್ಲಿ ಆರಿಸಿ. ಇಲ್ಲದಿದ್ದರೆ ಹನ್ನೊಂದರವರೆಗೂ ಕೆಳಗಿನಿಂದ ಝಳ. ಬಂಡೆ ಮೇಲೂ ಅದೇ ಕಥೆ.

ಚಳಿಗಾಲಕ್ಕೆ ಹೋಗೋರಿಗೆ ಉಲ್ಟಾ. ಆಗ ಮೇಲಿನ ಹೊದಿಕೆಗಿಂತ ಕೆಳಗಿನ ಹಾಸಿಗೆ ದೊಡ್ಡದು. ನೆಲ ಮೈಯ ಬಿಸಿ ಹೀರುತ್ತೆ. ಕೆಳಗೆ ದಪ್ಪ ಕೌದಿ ಮಡಿಚಿ ಹಾಸಿ, ಮೇಲೆ ಕಂಬಳಿ. ಉಲ್ಟಾ ಮಾಡಬೇಡಿ. ಕೌದಿ ಹತ್ತಿ ಬಟ್ಟೆ, ಇಬ್ಬನಿ ಬಿದ್ದರೆ ನೆನೆದು ತಣ್ಣಗೆ ಮೈಗೆ ಅಂಟುತ್ತೆ. ಕುರಿ ಉಣ್ಣೆ ಕಂಬಳಿ ಮೇಲೆ ಒದ್ದೆಯಾದರೂ ಒಳಗೆ ಬೆಚ್ಚಗೆ. ಎರಡು ಸಾಕ್ಸ್ ಹಾಕಿ ಬಿಗಿ ಶೂ ಅಂತೂ ಬೇಡವೇ ಬೇಡ, ರಕ್ತ ಓಡಾಡಲ್ಲ, ಕಾಲು ಇನ್ನೂ ಮರಗಟ್ಟುತ್ತೆ. ಸಡಿಲ ಶೂ, ಒಂದೇ ದಪ್ಪ ಸಾಕ್ಸ್.

ಯಾವ ಕಾಲವಾದರೂ ಮಾಳಿಗೆಯಿಂದ ಇಳಿದು ಹೊಲದಲ್ಲಿ ಓಡಾಡುವಾಗ ಚಪ್ಪಲಿ ಬೇಡ, ಶೂ ಇರಲಿ. ಬೇಸಿಗೆ ರಾತ್ರಿ ಹಾವು, ಚೇಳು ತಂಪಿಗೆ ಹೊರಗೆ ಬಂದಿರುತ್ತವೆ. ಶೂ ಹಾಕೋ ಮುಂಚೆ ಒಮ್ಮೆ ಕೊಡವಿ.

ಲಿಂಗಸುಗೂರು ಮೇಷ್ಟ್ರು

ಅಕ್ಕ ಹೇಳಿದ್ದಕ್ಕೆ ಒಂದೇ ಸೇರಿಸ್ತೀನಿ. ಬೆಂಕಿ ಬೇಡ. ಕಣ್ಣು ಕತ್ತಲಿಗೆ ಒಗ್ಗೋಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಂದು ಸಲ ಬೆಂಕಿ ಕಡೆಯೋ, ಫೋನ್ ಕಡೆಯೋ ನೋಡಿದರೆ ಮತ್ತೆ ಮೊದಲಿಂದ. ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಎರಡು ಮೂರು ಸುತ್ತು ಕಟ್ಟಿ. ಮಕ್ಕಳನ್ನು ಎರಡಕ್ಕೆ ಎಬ್ಬಿಸುವಾಗ ದೀಪ ಹಾಕದೆ ಎಬ್ಬಿಸಿದರೆ ಇನ್ನೂ ಚೆಂದ, ಮುಚ್ಚಿದ ಕಣ್ಣು ಅಷ್ಟರಲ್ಲೇ ಒಗ್ಗಿರುತ್ತೆ. ಆದರೆ ಹಾವಿರೋ ಕಡೆ ಇಳಿದು ನಡೆಯುವಾಗ ಕೆಂಪು ದೀಪ ಸಾಲದು, ಬಿಳಿ ಟಾರ್ಚೇ ಹಾಕಿ. ಕಣ್ಣು ಮತ್ತೆ ಒಗ್ಗಿಸಿಕೊಳ್ಳಬಹುದು.

ಒಂದು ಮಾತು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಫೋಟೋದಲ್ಲಿ ಕಾಣೋ ನೀಲಿ, ಗುಲಾಬಿ ಬಣ್ಣ ಕಣ್ಣಿಗೆ ಕಾಣಲ್ಲ. ಬೂದು ಬಿಳುಪಿನ ಪಟ್ಟೆ, ನಡುವೆ ಕಪ್ಪು ಸೀಳು. ಆರಂಭದಲ್ಲಿ ತೆಳು ಮೋಡ ಅಂತಲೇ ಅನ್ನಿಸುತ್ತೆ. ಗುರುತು ಹಿಡಿಯೋಕೆ ಮೊದಲು ಕೆಂಪಗಿನ ಜ್ಯೇಷ್ಠಾ ನಕ್ಷತ್ರ ಹುಡುಕಿ, ಅದು ಹತ್ತು ಗಂಟೆ ಸುಮಾರಿಗೆ ಹುಟ್ಟಿರುತ್ತೆ. ಅಲ್ಲಿಂದ ಚೇಳಿನ ಬಾಲ ಹಿಡಿದು ಕೆಳಗೆ ಬನ್ನಿ. ಬಾಲದ ಕೊಂಡಿ ದಾಟಿ ಎಡಕ್ಕೆ, ಮೋಡ ಅನ್ನಿಸಿದ್ದು ಜಾಗ ಬಿಟ್ಟು ಕದಲದೆ ನಕ್ಷತ್ರಗಳ ಜೊತೆಗೇ ಸರಿಯುತ್ತಿದ್ದರೆ ಅದೇ.

ಕ್ಯಾಮೆರಾ ಕಲ್ಲೇಶಿ

ನಾನೂ 10ಕ್ಕೆ ಮುದಗಲ್ ಕಡೆ ಬರಬಹುದಾ? ಕ್ಯಾಮೆರಾ ಪರದೆ ಬೆಳಕು ಕಮ್ಮಿ ಮಾಡ್ತೀನಿ.

ಗಂಗಾವತಿ ಸುಮಾ

ಅಣ್ಣನನ್ನು ಕೇಳಿ ಹೇಳ್ತೀನಿ ಕಲ್ಲೇಶಿ. ಮಾಳಿಗೆ ಚಿಕ್ಕದು, ನೀವು ಕೆಳಗೆ ಹೊಲದಲ್ಲಿ ಸ್ಟ್ಯಾಂಡ್ ಹಾಕ್ಕೋಬೇಕಾಗುತ್ತೆ.

ಮೇಷ್ಟ್ರೇ, ಕೊನೇದು. 10ಕ್ಕೆ ಮೋಡ ಬಂದರೆ? ಇನ್ನೊಂದು ತಾರೀಖು ಇಟ್ಟುಕೊಳ್ಳಬೇಕಲ್ಲ.

ಲಿಂಗಸುಗೂರು ಮೇಷ್ಟ್ರು

ಮೇ 8, ಅದೂ ಶನಿವಾರ. ಅಮಾವಾಸ್ಯೆ ಮೇ 6ಕ್ಕೆ. ನೂಲಿನಂಥ ಚಂದ್ರ ಒಂಬತ್ತರೊಳಗೆ ಮುಳುಗಿಬಿಡುತ್ತಾನೆ. ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಬೇಗ ಹುಟ್ಟುತ್ತವೆ, 28 ದಿನಕ್ಕೆ ಎರಡು ಗಂಟೆ ಹತ್ತಿರ. ಹಾಗಾಗಿ ಆಕಾಶಗಂಗೆ ಒಂಬತ್ತೂವರೆಗೇ ಹುಟ್ಟಿ ಹನ್ನೆರಡಕ್ಕೆ ಚೆನ್ನಾಗಿ ಮೇಲೆ ಬಂದಿರುತ್ತೆ. ಮಕ್ಕಳಿಗೆ ಹೊತ್ತೂ ಅನುಕೂಲ.

ಬಳ್ಳಾರಿ ಬಸು

ಹಾಗಾದರೆ ನೇರ ಮೇ 8ನ್ನೇ ಇಟ್ಟುಕೊಳ್ಳಬಹುದಲ್ಲ ಮೇಷ್ಟ್ರೇ? ಏಪ್ರಿಲ್ ಯಾಕೆ?

ಸಿರುಗುಪ್ಪ ಶರಣು

ಮೇ ಮೊದಲ ವಾರ ಅಂದರೆ ಭರಣಿ ಮಳೆ ಅಣ್ಣ. ಮಧ್ಯಾಹ್ನ ಕಪ್ಪು ಮೋಡ ಏಳುತ್ತೆ, ಸಂಜೆ ಗಾಳಿ, ಗುಡುಗು. ಸಿಡಿಲಿಗೆ ಬಯಲು ಹೊಲದ ಮಾಳಿಗೆ ಮೇಲೆ ಮಕ್ಕಳನ್ನು ಕೂರಿಸ್ತೀರಾ?

ಲಿಂಗಸುಗೂರು ಮೇಷ್ಟ್ರು

ಶರಣು ಹೇಳಿದ್ದೇ ನನ್ನ ಕಾರಣ. ಎಷ್ಟೋ ಸಲ ಆ ಮೋಡ ನಡುರಾತ್ರಿಗೆ ಒಡೆದು ಹೋಗಿ ತೊಳೆದ ಆಕಾಶ ಸಿಗುತ್ತೆ, ಎಷ್ಟೋ ಸಲ ಬೆಳಗಿನವರೆಗೂ ಕೂತಿರುತ್ತೆ. ಅದರ ಮೇಲೆ ಪಣ ಕಟ್ಟೋದು ಕಷ್ಟ. ಗುಡುಗು ಕೇಳಿಸಿದರೆ ಮಾಳಿಗೆಯಿಂದ ಇಳಿದು ಒಳಗೆ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ.

ಬಳ್ಳಾರಿ ಬಸು

ನನಗಿನ್ನೂ ಮೇ ತಿಂಗಳೇ ಮೇಲು ಅನ್ನಿಸುತ್ತೆ. ಮಳೆ ಬಿದ್ದ ಮೇಲಿನ ಒಂದು ರಾತ್ರಿ ಏಪ್ರಿಲ್‌ನ ನಾಲ್ಕು ಧೂಳು ರಾತ್ರಿಗೆ ಸಮ.

ಗಂಗಾವತಿ ಸುಮಾ

10ಕ್ಕೇ ಹೊರಡ್ತೀವಿ, ಕೆಟ್ಟರೆ ಮೇ 8. ಅಣ್ಣನಿಗೆ ಫೋನ್ ಮಾಡಿದೆ. ಪಕ್ಕದ ಹೊಲದವರು ಬೋರ್‌ವೆಲ್ ಮನೆಗೆ ಹೊಸದಾಗಿ ದೊಡ್ಡ ಎಲ್‌ಇಡಿ ದೀಪ ಹಾಕಿಸಿದ್ದಾರಂತೆ, ನಮ್ಮ ಮಾಳಿಗೆಯಿಂದ ಬಲಗಡೆ, ಅಂದ್ರೆ ನೈಋತ್ಯಕ್ಕೆ. ರಾತ್ರಿಯೆಲ್ಲ ಉರಿಯುತ್ತಂತೆ. ಆ ಒಂದು ರಾತ್ರಿ ಆರಿಸಿ ಅಂತ ಕೇಳೋಕೆ ಅಣ್ಣ ಸಂಕೋಚ ಪಡ್ತಿದ್ದಾನೆ.

ಕುಷ್ಟಗಿ ಅಕ್ಕ

ಅವರ ಮಕ್ಕಳನ್ನೂ ಮಾಳಿಗೆಗೆ ಕರೀರಿ ಅಂತ ಹೇಳು ಅಣ್ಣನಿಗೆ. ದೀಪ ಅವರೇ ಆರಿಸ್ತಾರೆ. ಇಲ್ಲದಿದ್ದರೆ ಆ ಕಡೆಗೆ ಒಂದು ಜಮಖಾನ ಅಡ್ಡ ಕಟ್ಟಿ.